ಬುಕಿಂಗ್ ಖಚಿತ: ಕಲಬುರಗಿ, ಡಿಸೆಂಬರ್ 11ರಿಂದ 13, ಎರಡು ಎಸಿ ರೂಮ್ (ಬುಕಿಂಗ್ ನಂ. 1146)

ನಮಸ್ಕಾರ ಸರ್,

ನವೆಂಬರ್ 24ರಂದು ನೀವು ಯುಪಿಐ ಮೂಲಕ ಕಳಿಸಿದ ಮುಂಗಡ ₹3,600 ನಮಗೆ ಮುಟ್ಟಿದೆ. ರೂಮ್ ನಿಮ್ಮ ಹೆಸರಿಗೆ ಹಿಡಿದಿಟ್ಟಿದ್ದೇವೆ.

ಬರುವ ದಿನ: 11-12-2026, ಶುಕ್ರವಾರ, ಮಧ್ಯಾಹ್ನ 12ರ ನಂತರ
ಬಿಡುವ ದಿನ: 13-12-2026, ಭಾನುವಾರ, ಬೆಳಿಗ್ಗೆ 11ರೊಳಗೆ
ರೂಮ್: 104 (ನೆಲಮಹಡಿ), 203 (ಎರಡನೇ ಮಹಡಿ)
ಜನ: ನಾಲ್ವರು ದೊಡ್ಡವರು, ಆರು ವರ್ಷದ ಒಂದು ಮಗು
ಬಾಡಿಗೆ: ₹1,800 × 2 ರೂಮ್ × 2 ರಾತ್ರಿ = ₹7,200
ಜಿಎಸ್‌ಟಿ ಶೇ 5: ₹360
ಒಟ್ಟು: ₹7,560
ಬಾಕಿ: ₹3,960

ನಮ್ಮಲ್ಲಿ ಲಿಫ್ಟ್ ಇಲ್ಲ. ಅದಕ್ಕೇ ತಂದೆ-ತಾಯಿಯವರಿಗೆ 104 ಕೊಟ್ಟಿದ್ದೇವೆ. ಅದರಲ್ಲಿ ಕಮೋಡ್ ಇದೆ, ಬಾಗಿಲಿಗೆ ಮೆಟ್ಟಿಲಿಲ್ಲ. ಮಗುವಿಗೆ ಬೇರೆ ಹಾಸಿಗೆ ಬೇಡವೆಂದರೆ ಹೆಚ್ಚಿನ ದುಡ್ಡಿಲ್ಲ.

ಬರುವ ಸಮಯ. ನಿಮ್ಮ ರೈಲು ಬೆಳಿಗ್ಗೆ ಏಳರ ಸುಮಾರಿಗೆ ಸ್ಟೇಷನ್ ಮುಟ್ಟುತ್ತದೆ ಎಂದು ಬರೆದಿದ್ದೀರಿ. ಈ ಊರಿನ ಕೆಲವು ಲಾಡ್ಜ್‌ಗಳಲ್ಲಿ 24 ತಾಸಿನ ಲೆಕ್ಕ ಇರುತ್ತದೆ, ನಮ್ಮಲ್ಲಿ ಇಲ್ಲ. ಹಿಂದಿನ ರಾತ್ರಿ ಇದ್ದವರು 11ಕ್ಕೆ ಬಿಡುತ್ತಾರೆ, ಸ್ವಚ್ಛ ಮಾಡಿ ಹಾಸಿಗೆ ಬದಲಿಸಲು ಒಂದು ತಾಸು ಬೇಕು. ಒಂಬತ್ತರ ನಂತರ ರೂಮ್ ಖಾಲಿಯಿದ್ದರೆ ಹಾಗೇ ಕೊಡುತ್ತೇವೆ, ಆದರೆ ಈಗಲೇ ಮಾತು ಕೊಡಲಾಗದು. ಏಳಕ್ಕೇ ಖಂಡಿತ ಬೇಕೆಂದರೆ ಹಿಂದಿನ ರಾತ್ರಿ ರೂಮ್ ಖಾಲಿ ಇಡಬೇಕಾಗುತ್ತದೆ. ಅದಕ್ಕೆ ರೂಮಿಗೆ ಅರ್ಧ ಬಾಡಿಗೆ, ತೆರಿಗೆ ಸೇರಿ ₹945. ಎರಡಕ್ಕೂ ತೆಗೆದುಕೊಳ್ಳುವ ಅಗತ್ಯ ಕಾಣುವುದಿಲ್ಲ. 104 ಒಂದಕ್ಕೆ ಸಾಕು, ಹಿರಿಯರು ಮಲಗುತ್ತಾರೆ, ಉಳಿದವರು ಅಲ್ಲೇ ಸ್ನಾನ ಮುಗಿಸಬಹುದು. ಬಿಸಿನೀರು 5:30ರಿಂದ 9:30ರವರೆಗೆ ಮಾತ್ರ. ಬೇಕಿದ್ದರೆ ಡಿಸೆಂಬರ್ 9ರ ಸಂಜೆ 6ರೊಳಗೆ ಇದೇ ಮೇಲ್‌ಗೆ ತಿಳಿಸಿ. ಬೇಡವೆಂದರೆ ಲಗೇಜ್ ಕೌಂಟರಿನಲ್ಲಿಟ್ಟು ನಾಷ್ಟಾ ಮಾಡಿಕೊಂಡು ಬನ್ನಿ.

ದೊಡ್ಡವರೆಲ್ಲರ ಮೂಲ ಗುರುತಿನ ಚೀಟಿ ತನ್ನಿ: ಆಧಾರ್, ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಅದು ನಡೆಯುವುದಿಲ್ಲ. ಬಿಲ್ ಕಂಪನಿ ಹೆಸರಿಗೆ ಬೇಕಿದ್ದರೆ ಜಿಎಸ್‌ಟಿ ನಂಬರನ್ನು ಬಂದ ಕೂಡಲೇ ಕೊಡಿ.

ಮುಂಗಡ ಬೇರೆ, ಡಿಪಾಸಿಟ್ ಬೇರೆ. ಕೌಂಟರಿನಲ್ಲಿ ಜಗಳ ಹುಟ್ಟುವುದೇ ಇಲ್ಲಿ, ಅದಕ್ಕೆ ಬಿಡಿಸಿ ಬರೆಯುತ್ತಿದ್ದೇವೆ. ನೀವು ಕೊಟ್ಟ ₹3,600 ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ. ಡಿಪಾಸಿಟ್ ರೂಮಿಗೆ ₹500ರಂತೆ ₹1,000. ಇದು ಬಿಲ್ಲಿಗೆ ಸೇರುವುದಿಲ್ಲ, ಹೋಗುವಾಗ ವಾಪಸ್. ಹಾಗಾಗಿ ಬಂದ ದಿನ ಕಟ್ಟಬೇಕಾದ್ದು ₹3,960 + ₹1,000 = ₹4,960. ನಗದು, ಯುಪಿಐ ಎರಡೂ ನಡೆಯುತ್ತದೆ. ಡಿಪಾಸಿಟ್ ರಸೀದಿ ಜೋಪಾನವಾಗಿಡಿ. ಬೀಗದಕೈ ಕಳೆದರೆ ₹300 ಹಿಡಿಯುತ್ತೇವೆ. ಟಿವಿ, ಎಸಿ ಮೊದಲೇ ಕೆಟ್ಟಿದ್ದರೆ ರೂಮಿಗೆ ಹೋದ ಅರ್ಧ ತಾಸಿನಲ್ಲಿ ಹೇಳಿಬಿಡಿ, ಆಮೇಲೆ ಯಾರ ಕೈಯಿಂದ ಆಯಿತೆಂಬ ಮಾತೇ ಬರುವುದಿಲ್ಲ.

ರದ್ದು ಮಾಡುವುದಾದರೆ:
ಡಿಸೆಂಬರ್ 8, ಮಧ್ಯಾಹ್ನ 12ರವರೆಗೆ: ₹3,600 ಪೂರ್ತಿ ವಾಪಸ್.
ಆಮೇಲಿಂದ ಡಿಸೆಂಬರ್ 10, ಮಧ್ಯಾಹ್ನ 12ರವರೆಗೆ: ₹1,800 ವಾಪಸ್.
ಅದರ ನಂತರ ಅಥವಾ ಬಾರದಿದ್ದರೆ: ವಾಪಸ್ ಇಲ್ಲ.

ಒಂದೇ ರೂಮ್ ಬಿಟ್ಟರೆ ಆ ರೂಮಿನ ₹1,800ಕ್ಕೆ ಇದೇ ಲೆಕ್ಕ. ಫೋನಿನಲ್ಲಿ ಹೇಳಿದ್ದನ್ನು ರದ್ದು ಎಂದು ಹಿಡಿಯುವುದಿಲ್ಲ, ಏಕೆಂದರೆ ಪಾಳಿ ಬದಲಾದಾಗ ಅದು ಅಲ್ಲೇ ಉಳಿದುಬಿಡುತ್ತದೆ. ಬುಕಿಂಗ್ ನಂಬರ್ ಬರೆದು ಈ ಮೇಲ್‌ಗೆ ಉತ್ತರಿಸಿ. ನೀವು ಕಳಿಸಿದ ಸಮಯವೇ ಲೆಕ್ಕಕ್ಕೆ. ಹಣ ಯಾವ ಖಾತೆಯಿಂದ ಬಂತೋ ಅದಕ್ಕೇ ಏಳು ಕೆಲಸದ ದಿನಗಳಲ್ಲಿ ಹೋಗುತ್ತದೆ, ಬೇರೆ ನಂಬರಿಗೆ ಹಾಕುವುದಿಲ್ಲ.

ರದ್ದಿನ ಬದಲು ದಿನ ಬದಲಿಸುವುದಾದರೆ ಡಿಸೆಂಬರ್ 10ರ ಮಧ್ಯಾಹ್ನದವರೆಗೆ ಒಂದು ಸಲ ಪುಕ್ಕಟೆ. ದತ್ತ ಜಯಂತಿಯ ಆಸುಪಾಸು ಮಾತ್ರ ಬೇಡ, ಗಾಣಗಾಪುರಕ್ಕೆ ಹೋಗುವವರಿಂದ ಆಗ ರೂಮ್ ತುಂಬಿರುತ್ತವೆ. ರೈಲೇ ರದ್ದಾದರೆ ರೈಲ್ವೆಯ ಮೆಸೇಜ್ ಕಳಿಸಿ, ಮುಂಗಡ 90 ದಿನ ನಿಮ್ಮ ಲೆಕ್ಕದಲ್ಲೇ ಇರುತ್ತದೆ. ರೈಲು ತಡವಾದರೆ ತೊಂದರೆಯಿಲ್ಲ. ಶುಕ್ರವಾರ ರಾತ್ರಿ 10ರವರೆಗೂ ಸುದ್ದಿ ಇಲ್ಲದಿದ್ದರೆ ಮಾತ್ರ ಬಾರದವರೆಂದು ತಿಳಿದು ರೂಮ್ ಬೇರೆಯವರಿಗೆ ಕೊಡುತ್ತೇವೆ.

ಶನಿವಾರ ಗಾಣಗಾಪುರಕ್ಕೆ ನಸುಕಿನಲ್ಲೇ ಹೊರಡುವುದಾದರೆ ಹಿಂದಿನ ರಾತ್ರಿ ಕೌಂಟರಿಗೆ ತಿಳಿಸಿ, ಬಿಸಿನೀರಿನ ಬಾಯ್ಲರ್ 4:30ಕ್ಕೇ ಹಚ್ಚಿಸುತ್ತೇವೆ. ಭಾನುವಾರ ರೂಮ್ ಬಿಟ್ಟ ಮೇಲೂ ಲಗೇಜ್ ರಾತ್ರಿ 8ರವರೆಗೆ ಇಡಬಹುದು.

ವ್ಯವಸ್ಥಾಪಕರು
ಬುಕಿಂಗ್ ಕೌಂಟರ್, ಸ್ಟೇಷನ್ ರಸ್ತೆ, ಕಲಬುರಗಿ