ಬೆತ್ತ ಬಿಟ್ಟ ಮೇಲೆ ತರಗತಿ ನಡೆಸುವುದು ಹೇಗೆ?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ, ಮೀರಿದವರ ಮೇಲೆ ಇಲಾಖಾ ಕ್ರಮ ಆಗಬೇಕು ಎನ್ನುತ್ತದೆ. ಅಂದಿನಿಂದ ಕರಾವಳಿಯ ಶಾಲೆಗಳಲ್ಲಿ ನಾಗರಬೆತ್ತ ಕಣ್ಣಿಗೆ ಬೀಳುವುದು ಕಡಿಮೆಯಾಗಿದೆ ನಿಜ. ಆದರೆ ಅದರ ಜಾಗಕ್ಕೆ ಮರದ ಸ್ಕೇಲು ಬಂದಿದೆ. ತೋಳು ಚಿವುಟುವುದು, ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಮಳೆಯ ಎರಚಲು ಬೀಳುವ ಜಗಲಿಯಲ್ಲಿ ಇಡೀ ಪೀರಿಯಡ್ ನಿಲ್ಲಿಸುವುದು ಎಲ್ಲವೂ ಇವೆ. ಇವು ‘ಹೊಡೆಯುವುದು’ ಅಲ್ಲ ಎಂದೇ ಬಹಳ ಮಂದಿ ನಂಬಿದ್ದಾರೆ. ಕಾಯ್ದೆ ಹಾಗೆ ನಂಬುವುದಿಲ್ಲ.

ಮಂಗಳೂರು ಮತ್ತು ಉಡುಪಿ ಭಾಗದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಖಾಸಗಿ ಆಡಳಿತ ಮಂಡಳಿಗಳು ಮುಂದಿನ ಜೂನ್‌ನಿಂದಲೇ ಜಾರಿಗೆ ತರಬಹುದಾದ ಕ್ರಮಗಳನ್ನು ಇಲ್ಲಿ ಇಟ್ಟಿದ್ದೇವೆ. ನಮ್ಮ ವಾದ ಇಷ್ಟೆ: ಶಿಕ್ಷೆ ಉಳಿದಿರುವುದು ಶಿಕ್ಷಕರು ಕ್ರೂರಿಗಳಾಗಿರುವುದರಿಂದಲ್ಲ. ಸರಕಾರ ಅವರ ಕೈಯಿಂದ ಕೋಲು ತೆಗೆದುಕೊಂಡಿತು, ಬದಲಿಗೆ ಏನನ್ನೂ ಕೊಡಲಿಲ್ಲ.

ಮೊದಲಿಗೆ, ಕೋಲು ‘ಕೆಲಸ ಮಾಡುತ್ತದೆ’ ಎಂದು ಏಕೆ ಅನಿಸುತ್ತದೆ ಎಂಬುದನ್ನು ನೋಡಬೇಕು. 45 ಮಕ್ಕಳ ಏಳನೇ ತರಗತಿ ಗಲಾಟೆ ಮಾಡುತ್ತಿದೆ, ಒಬ್ಬನಿಗೆ ಪೆಟ್ಟು ಬಿತ್ತು, ಕ್ಲಾಸು ತಟ್ಟನೆ ಸುಮ್ಮನಾಯಿತು. ಅಲ್ಲಿ ಪಾಠ ಕಲಿತವರು ಮಕ್ಕಳಲ್ಲ, ಶಿಕ್ಷಕರು: ಹೊಡೆದರೆ ನೆಮ್ಮದಿ ಎಂಬ ಪಾಠ. ಮರುದಿನ ಅದೇ ಪೀರಿಯಡ್‌ನಲ್ಲಿ ಅದೇ ಗಲಾಟೆ ಎದ್ದರೂ ಆ ಲೆಕ್ಕ ಯಾರೂ ಇಡುವುದಿಲ್ಲ. ಇನ್ನೊಂದು ಭ್ರಮೆಯೂ ಇದೆ. ಉಕ್ತಲೇಖನದಲ್ಲಿ ಸಾಮಾನ್ಯವಾಗಿ ಹತ್ತಕ್ಕೆ ಆರು ತೆಗೆಯುವ ಹುಡುಗಿ ಒಂದು ದಿನ ಎರಡು ತೆಗೆದಳು, ಪೆಟ್ಟು ತಿಂದಳು, ಮುಂದಿನ ವಾರ ಆರಕ್ಕೆ ಮರಳಿದಳು. ಪೆಟ್ಟಿನ ಪ್ರತಾಪ ಎಂದು ತೋರುತ್ತದೆ. ಪೆಟ್ಟು ಬೀಳದಿದ್ದರೂ ಅವಳು ಬಹುಮಟ್ಟಿಗೆ ಆರರ ಹತ್ತಿರವೇ ಬರುತ್ತಿದ್ದಳು. ತೀರಾ ಕೆಟ್ಟ ದಿನದ ನಂತರ ಸಾಧಾರಣ ದಿನ ಬರುವುದೇ ಹೆಚ್ಚು. ಅದೇ ರೀತಿ, ಒಂಬತ್ತು ತೆಗೆದಾಗ ಹೊಗಳಿದರೆ ಮುಂದಿನ ಬಾರಿ ಇಳಿಯುತ್ತಾಳೆ. ಹೊಗಳಿಕೆ ಕೆಡಿಸುತ್ತದೆ, ಪೆಟ್ಟು ತಿದ್ದುತ್ತದೆ ಎಂಬ ‘ಅನುಭವ’ ಹುಟ್ಟುವುದು ಹೀಗೆ.

ಎರಡನೆಯ ಆಸರೆ ಮನೆಯವರದು. ಪೋಷಕರ ಸಭೆಯಲ್ಲಿ “ಎರಡು ಪೆಟ್ಟು ಹಾಕಿ ಮಾಸ್ಟ್ರೇ, ನಾವೇನೂ ಕೇಳುವುದಿಲ್ಲ” ಎನ್ನುವ ಅಪ್ಪ ಈಗಲೂ ಸಿಗುತ್ತಾರೆ. ಪೆಟ್ಟು ತಿಂದೇ ನಾವು ಮನುಷ್ಯರಾದದ್ದು ಎಂಬುದು ಅವರ ಸಾಕ್ಷ್ಯ. ಪೆಟ್ಟು ತಿಂದು ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು ಆ ಸಭೆಯಲ್ಲಿ ಎದ್ದು ಮಾತಾಡುವುದು ಕಡಿಮೆ, ಆದ್ದರಿಂದ ಒಂದೇ ಬದಿಯ ಸಾಕ್ಷ್ಯ ದಾಖಲಾಗುತ್ತದೆ.

ನಮ್ಮ ಊರಿಗೆ ಮೂರನೆಯದೂ ಒಂದು ಕಾರಣ ಇದೆ, ಫಲಿತಾಂಶ. ಎಸೆಸೆಲ್ಸಿಯಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು ಬಂದವು. ಹೆಮ್ಮೆ ಸರಿಯೇ. ಆದರೆ ಶಾಲೆಯ ಗೇಟಿನ ಮೇಲಿನ ಫ್ಲೆಕ್ಸ್‌ಗೆ ಶೇಕಡಾ ನೂರು ಬೇಕಾದಾಗ, ಕೊನೆಯ ಬೆಂಚಿನ ನಾಲ್ವರ ಮೇಲೆ ಬೀಳುವ ಒತ್ತಡ ಪಾಠದ ರೂಪದಲ್ಲಿ ಮಾತ್ರ ಬರುವುದಿಲ್ಲ. ಇದಕ್ಕೆ ಭಾಷೆಯನ್ನೂ ಸೇರಿಸಿ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ ಆಡುವ ಮಗು ಇಂಗ್ಲಿಷ್ ಮಾಧ್ಯಮದ ಆವರಣದಲ್ಲಿ ಬಾಯಿತಪ್ಪಿ ತನ್ನ ಮಾತಾಡಿದರೆ ದಂಡ ಕಟ್ಟಬೇಕಾಗುತ್ತದೆ, ಇಲ್ಲವೇ ಇಂಪೊಸಿಶನ್ ಬರೆಯಬೇಕು. ಇದು ಶಿಸ್ತಲ್ಲ, ಅವಮಾನ. 17ನೇ ಕಲಮಿನ ಮಾನಸಿಕ ಹಿಂಸೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇನ್ನು ಕಾನೂನಿನ ಬಿರುಕುಗಳು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಮಗು’ ಎಂದರೆ 6ರಿಂದ 14 ವರ್ಷ. ಅಂದರೆ ಒತ್ತಡ ಅತಿ ಹೆಚ್ಚಿರುವ ಹತ್ತನೇ ತರಗತಿ, ಪಿಯುಸಿಯ ಹೆಚ್ಚಿನವರು ಹೊರಗೆ. 2014ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದು ಎಂದಿತು. ಅಂಥ ಶಾಲೆಗಳು ಮಂಗಳೂರಿನಲ್ಲಿ ಎಷ್ಟಿವೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗೆಂದು ಅಲ್ಲಿ ಹೊಡೆಯಬಹುದು ಎಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು 18 ವರ್ಷದೊಳಗಿನ ಎಲ್ಲರನ್ನೂ ಕಾಯುತ್ತದೆ: ತಮ್ಮ ಸುಪರ್ದಿಯಲ್ಲಿರುವ ಮಗುವಿಗೆ ಅನಗತ್ಯ ದೈಹಿಕ, ಮಾನಸಿಕ ನೋವಾಗುವಂತೆ ಹಲ್ಲೆ ಮಾಡಿದವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಆದರೆ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು, 12 ವರ್ಷದೊಳಗಿನವರ ಒಳಿತಿಗಾಗಿ ಪೋಷಕರ ಒಪ್ಪಿಗೆಯಿಂದ ಸದುದ್ದೇಶದಲ್ಲಿ ಮಾಡಿದ್ದಕ್ಕೆ ರಕ್ಷಣೆ ಕೊಡುತ್ತದೆ. “ಒಳ್ಳೆಯದಕ್ಕೇ ಹೊಡೆದದ್ದು” ಎಂಬ ವಾದ ನಿಲ್ಲುವುದು ಈ ನೆಲದ ಮೇಲೆ. ಆದ್ದರಿಂದ ಯಾವ ಕಲಮು ಎಷ್ಟು ದೂರ ಅನ್ವಯಿಸುತ್ತದೆ ಎಂದು ಕಾಯುತ್ತ ಕೂರದೆ, ಪ್ರತಿ ಶಾಲೆ ಒಂದನೇ ತರಗತಿಯಿಂದ ಪಿಯುಸಿವರೆಗೆ ಅನ್ವಯಿಸುವ ತನ್ನದೇ ಲಿಖಿತ ನಿಯಮ ಮಾಡಿಕೊಂಡು ನೇಮಕಾತಿ ಪತ್ರದಲ್ಲಿ ಸೇರಿಸಬೇಕು. ಗೌರವ ಶಿಕ್ಷಕರಿಗೂ, ಪಿಟಿ ಮಾಸ್ಟ್ರಿಗೂ, ಹಾಸ್ಟೆಲ್ ವಾರ್ಡನ್‌ಗೂ, ಶಾಲಾ ವಾಹನದ ಆಯಾಗೂ ಅದೇ ನಿಯಮ.

ಅಪಾಯದ ಬಗ್ಗೆ ಎರಡು ಮಾತು ಸಾಕು. ಅಂಗೈಯಿಂದ ಕಿವಿಯ ಮೇಲೆ ಬಿದ್ದ ಒಂದೇ ಏಟಿಗೆ ತಮಟೆ ಹರಿಯಬಹುದು. ಅಭ್ಯಾಸವಿಲ್ಲದ ಮಗುವಿಗೆ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯು ಒಡೆದು, ಅದರ ಅಂಶ ರಕ್ತ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗುವುದುಂಟು. ಬಸ್ಕಿಯ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ತರಗತಿಯಲ್ಲಿ ಏನು ಮಾಡುವುದು? ಶಿಕ್ಷೆಗಳ ಬೇರು ಬಹುಪಾಲು ನಾಲ್ಕೇ ಕಡೆ ಇರುತ್ತದೆ: ತಡವಾಗಿ ಬರುವುದು, ಹೋಂವರ್ಕ್, ಗಲಾಟೆ, ಹೊಡೆದಾಟ.

ತಡದ ವಿಷಯದಲ್ಲಿ ಮೊದಲು ಕಾರಣ ಬರೆಯಿರಿ. ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟು ದಿನಾಂಕ, ಹೆಸರು, ಎಷ್ಟು ನಿಮಿಷ, ಏಕೆ ಎಂದು ನಾಲ್ಕು ಕಲಂ. ಮಗು ಬರೆದು ನೇರ ಕ್ಲಾಸಿಗೆ ಹೋಗಲಿ. ಎರಡು ವಾರದ ಬಳಿಕ ನೋಡಿದರೆ, ತುಂಬಿದ ಸರ್ವಿಸ್ ಬಸ್ಸು ನಿಲ್ಲಿಸದೆ ಹೋದದ್ದು ಎಷ್ಟು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬಂದದ್ದು ಎಷ್ಟು, ಎದ್ದದ್ದೇ ತಡವಾದದ್ದು ಎಷ್ಟು ಎಂದು ಗೊತ್ತಾಗುತ್ತದೆ. ಮೊದಲನೆಯದಕ್ಕೆ ಬಸ್ಸಿನವರ ಜೊತೆ ಮಾತಾಡಬೇಕಾದವರು ಮುಖ್ಯೋಪಾಧ್ಯಾಯರು. ಕೊನೆಯದಕ್ಕೆ ಮನೆಯವರನ್ನು ಕರೆಯಿರಿ. ಜಗಲಿಯಲ್ಲಿ ನಿಲ್ಲಿಸುವುದರಿಂದ ಇವು ಯಾವುವೂ ಬದಲಾಗುವುದಿಲ್ಲ, ಮೊದಲ ಪೀರಿಯಡ್‌ನ ಗಣಿತ ಮಾತ್ರ ತಪ್ಪುತ್ತದೆ.

ಹೋಂವರ್ಕ್ ಮಾಡದವರಲ್ಲಿ ಸೋಮಾರಿಗಳಿಗಿಂತ, ಹೇಗೆ ಶುರು ಮಾಡುವುದೆಂದೇ ತಿಳಿಯದವರು ಹೆಚ್ಚು. ಪೀರಿಯಡ್‌ನ ಕೊನೆಯ 10 ನಿಮಿಷ ಮೀಸಲಿಟ್ಟು ಮೊದಲ ಒಂದು ಲೆಕ್ಕವನ್ನು ಅಲ್ಲೇ ಮಾಡಿಸಿ. ಸಿಕ್ಕಿಹಾಕಿಕೊಂಡವರು ಯಾರೆಂದು ಆಗಲೇ ಕಾಣುತ್ತದೆ. ಅವರಿಗೆ ಹತ್ತರ ಬದಲು ನಾಲ್ಕು ಲೆಕ್ಕ ಕೊಡಿ. ಮಾಡದೆ ಬಂದರೆ ಪರಿಣಾಮ ತಪ್ಪಿಗೆ ಹೊಂದುವಂತಿರಲಿ: ಆ ಲೆಕ್ಕವನ್ನೇ ಶಾಲೆಯಲ್ಲಿ ಕೂತು ಮುಗಿಸುವುದು. ಊಟ, ಆಟ, ಮೂತ್ರಕ್ಕೆ ಹೋಗುವ ಬಿಡುವು ಇವನ್ನು ಕಿತ್ತುಕೊಳ್ಳಬಾರದು.

ಗಲಾಟೆಗೆ ಬೇಕಾದದ್ದು ನಿಯಮ ಮತ್ತು ರೂಢಿ. ಜೂನ್‌ನ ಮೊದಲ ವಾರ ಮಕ್ಕಳ ಜೊತೆ ಕೂತು ಐದು ಮೀರದಂತೆ ನಿಯಮ ಬರೆಯಿರಿ. “ಮಾತಾಡಬಾರದು” ಎನ್ನುವ ಬದಲು “ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ” ಎಂಬಂತೆ, ಏನು ಮಾಡಬೇಕೆಂದು ಹೇಳುವ ವಾಕ್ಯ ಇರಲಿ. ಸುಮ್ಮನಾಗಲು ಒಂದೇ ಸೂಚನೆ: ಶಿಕ್ಷಕರು ಕೈ ಎತ್ತುತ್ತಾರೆ, ನೋಡಿದವರೂ ಎತ್ತುತ್ತಾರೆ, ಬಾಯಿ ಮುಚ್ಚುತ್ತಾರೆ. ಇದನ್ನು ಪಾಠದಂತೆಯೇ ಅಭ್ಯಾಸ ಮಾಡಿಸಬೇಕು, ಮೊದಲ ವಾರ ದಿನಕ್ಕೆ ನಾಲ್ಕೈದು ಬಾರಿ. ಕೈ ಎತ್ತಿ ಕಿರುಚಿದರೆ ಸೂಚನೆ ಸತ್ತಂತೆ. ಒಬ್ಬ ಹುಡುಗ ಮುಂದುವರಿಸಿದರೆ ಪಾಠ ನಿಲ್ಲಿಸದೆ ಅವನ ಬೆಂಚಿನ ಬಳಿ ಹೋಗಿ ನಿಲ್ಲಿ. ಸಾಲದಿದ್ದರೆ ಬಗ್ಗಿ ಮೆಲ್ಲಗೆ, “ಇಲ್ಲೇ ಕೂತು ಬರೆಯುತ್ತೀಯಾ, ಮುಂದಿನ ಬೆಂಚಿಗೆ ಬರುತ್ತೀಯಾ?” ಎಂದು ಕೇಳಿ, ಉತ್ತರಕ್ಕೆ ಹತ್ತು ಸೆಕೆಂಡು ಬಿಟ್ಟು ಆಚೆ ಸರಿಯಿರಿ. ನಲವತ್ತು ಜನರ ಎದುರು ಗದರಿದರೆ ಅವನಿಗೆ ಸೋಲಲು ದಾರಿಯಿರುವುದಿಲ್ಲ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಸಂಗತಿ: ಶಿಕ್ಷಕರು ಇಲ್ಲದಾಗ ಲೀಡರ್ ಕರಿಹಲಗೆಯ ಮೇಲೆ ಗಲಾಟೆ ಮಾಡಿದವರ ಹೆಸರು ಬರೆಯುವ ಪದ್ಧತಿಯನ್ನು ನಿಲ್ಲಿಸಿ. ಹೆಸರಿನ ಮುಂದೆ ಗುಣಿಸು ಚಿಹ್ನೆ, ಮತ್ತೆ ಮಾತಾಡಿದರೆ ಇನ್ನೊಂದು, ಪ್ರತಿ ಚಿಹ್ನೆಗೆ ಒಂದು ಪೆಟ್ಟು. ಲೀಡರನ ಗೆಳೆಯರ ಹೆಸರು ಅಲ್ಲಿ ಬರುವುದೇ ಇಲ್ಲ. ಪೆನ್ಸಿಲು, ಚಾಕಲೇಟು ಕೊಟ್ಟು ಹೆಸರು ಅಳಿಸಿಕೊಳ್ಳುವ ವ್ಯವಹಾರ ಎಂಟು ವರ್ಷದವರಿಗೂ ಗೊತ್ತು.

ಹೊಡೆದಾಟವಾದರೆ ಇಬ್ಬರನ್ನೂ ಬೇರೆ ಕೂರಿಸಿ, ತಣ್ಣಗಾಗಲು 20 ನಿಮಿಷ ಕೊಟ್ಟು, ಒಬ್ಬೊಬ್ಬರನ್ನೇ ಕೇಳಿ: ಏನಾಯಿತು, ಆಗ ಏನನಿಸಿತು, ಯಾರಿಗೆ ನೋವಾಯಿತು, ಸರಿಮಾಡಲು ಏನು ಮಾಡುತ್ತೀ? “ಏಕೆ ಮಾಡಿದೆ?” ಎಂದು ಕೇಳಿದರೆ ಸಿಗುವುದು ಸುಳ್ಳು. ಬಲವಂತದ ಸಾರಿ ಬೇಡ. ಹರಿದ ಪುಸ್ತಕಕ್ಕೆ ಬೈಂಡು ಹಾಕಿಕೊಡುವುದು ಅದಕ್ಕಿಂತ ಮೇಲು.

ಇವೆಲ್ಲ ಕೆಡುವುದು ಎಲ್ಲಿ ಎಂಬುದೂ ಗೊತ್ತಿರಬೇಕು. ಪೆಟ್ಟು ನಿಂತ ಮೊದಲ ಎರಡು ಮೂರು ವಾರ ಗಲಾಟೆ ಜಾಸ್ತಿಯಾಗುತ್ತದೆ, ಮಕ್ಕಳು ಗಡಿ ಎಲ್ಲಿದೆ ಎಂದು ಪರೀಕ್ಷಿಸುತ್ತಾರೆ. ಹೆಚ್ಚಿನ ಶಾಲೆಗಳು ಸೋಲುವುದು ಈ ವಾರಗಳಲ್ಲೇ. ಒಬ್ಬ ಶಿಕ್ಷಕಿ ಮಾತ್ರ ಬದಲಾಗಿ ಪಕ್ಕದ ಕ್ಲಾಸಿನವರು ಸ್ಕೇಲು ಹಿಡಿದೇ ಇದ್ದರೆ, ಮಕ್ಕಳು ಅವಳ ಪೀರಿಯಡ್‌ನಲ್ಲೇ ಉಸಿರು ಬಿಡುತ್ತಾರೆ, ‘ಹಿಡಿತವಿಲ್ಲದ ಟೀಚರ್’ ಎಂಬ ಹೆಸರು ಅವಳಿಗೆ. ಆದ್ದರಿಂದ ಇಡೀ ಶಾಲೆ ಒಂದೇ ದಿನ ಶುರುಮಾಡಬೇಕು. ಇನ್ನೊಂದು ಜಾರುವಿಕೆ, ಕೈ ನಿಂತು ನಾಲಿಗೆ ಉದ್ದವಾಗುವುದು: “ನಿನ್ನ ಅಪ್ಪನ ಹಾಗೆ ಆಗುತ್ತೀ”, “ಟಿಸಿ ಕೊಟ್ಟು ಕಳಿಸುತ್ತೇನೆ”. ನಕ್ಷತ್ರದ ಚಾರ್ಟುಗಳ ಮೇಲೂ ನಮಗೆ ಅಷ್ಟು ನಂಬಿಕೆಯಿಲ್ಲ. ಆಗಸ್ಟ್ ಹೊತ್ತಿಗೆ ಅದೇ ಐವರ ಹೆಸರಿನ ಮುಂದೆ ನಕ್ಷತ್ರ ತುಂಬಿ, ಉಳಿದವರು ಆ ಕಡೆ ನೋಡುವುದನ್ನೇ ಬಿಡುತ್ತಾರೆ.

ಶಾಲೆಯ ಮಟ್ಟದಲ್ಲಿ ಖರ್ಚು ಹೆಚ್ಚಿಲ್ಲ, ಸಮಯ ಬೇಕು. ಮೇ ಕೊನೆಯಲ್ಲಿ ಎರಡು ದಿನ ತರಬೇತಿ, ಅದರಲ್ಲಿ ಅರ್ಧ ಹೊತ್ತು ಭಾಷಣವಿಲ್ಲದೆ ಅಭಿನಯದ ಅಭ್ಯಾಸ. ನಂತರ ತಿಂಗಳಿಗೊಮ್ಮೆ 40 ನಿಮಿಷ, ಒಬ್ಬ ಕಷ್ಟದ ಮಗುವಿನ ಬಗ್ಗೆ ಎಲ್ಲ ಶಿಕ್ಷಕರು ಕೂತು ಮಾತು: ಯಾವ ಪೀರಿಯಡ್, ಮೊದಲು ಏನಾಯಿತು, ಮಗು ಏನು ಮಾಡಿತು, ನಾವೇನು ಮಾಡಿದೆವು. ದೂರು ಪೆಟ್ಟಿಗೆಯನ್ನು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ಇಡಬೇಡಿ, ಅಲ್ಲಿ ಯಾವ ಮಗುವೂ ಚೀಟಿ ಹಾಕುವುದಿಲ್ಲ. ನೀರು ಕುಡಿಯುವಲ್ಲಿ ಇಡಿ. ಪ್ರತಿ ಶುಕ್ರವಾರ ಒಬ್ಬ ಶಿಕ್ಷಕಿ, ಒಬ್ಬ ಪೋಷಕಿ ಸೇರಿ ತೆರೆಯಲಿ, ಏಳು ದಿನದೊಳಗೆ ಏನು ಮಾಡಿದೆವೆಂದು ಬರೆಯಲಿ. ಡೈರಿಯ ಮೊದಲ ಪುಟದಲ್ಲಿ ಮಕ್ಕಳ ಸಹಾಯವಾಣಿ 1098 ಇರಲಿ.

ಹೊಡೆದ ಶಿಕ್ಷಕರನ್ನು ಏನು ಮಾಡುವುದು ಎಂಬಲ್ಲಿ ಸಮಿತಿಗಳು ರಾಜಿಗೆ ಇಳಿಯುತ್ತವೆ, “ಊರಿನವರೇ, ಬಿಡಿ” ಎಂದು. ನಮ್ಮ ಪ್ರಸ್ತಾವ ಹೀಗಿದೆ. ಗಾಯವಾಗಿದ್ದರೆ ಮೊದಲು ಚಿಕಿತ್ಸೆ, ಅದೇ ದಿನ ಮನೆಗೆ ಸುದ್ದಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ವರದಿ, ಇದರಲ್ಲಿ ಸಂಧಾನವಿಲ್ಲ. ಗಾಯವಿಲ್ಲದ ಮೊದಲ ಪ್ರಕರಣವಾದರೆ ಲಿಖಿತ ಎಚ್ಚರಿಕೆಯ ಜೊತೆ ಒಂದು ತಿಂಗಳು ಹಿರಿಯ ಶಿಕ್ಷಕರೊಬ್ಬರು ವಾರಕ್ಕೆರಡು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ನೆರವಾಗಬೇಕು. ಮತ್ತೆ ಆದರೆ ಇಲಾಖಾ ಕ್ರಮಕ್ಕೆ ಶಿಫಾರಸು. ದೂರು ಕೊಟ್ಟ ಮಗುವಿನ ಆಂತರಿಕ ಅಂಕಗಳನ್ನು ಆ ವರ್ಷ ಬೇರೊಬ್ಬರು ಹಾಕಬೇಕು.