ಏಣಿ ಮತ್ತು ಸಂಕ

ದೀಪಾವಳಿಯ ರಜೆಯಲ್ಲಿ ಊರಿಗೆ ಬಂದ ಮರುದಿನವೇ ದೇವಕಿಯಕ್ಕ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ನರ್ಸಿಂಗ್ ಓದುವ ಹುಡುಗಿ ಊರಿಗೆ ಬಂದರೆ ಹೀಗೆಯೇ. ಒಬ್ಬರು ನಾಲಿಗೆ ತೋರಿಸುತ್ತಾರೆ, ಇನ್ನೊಬ್ಬರು ಮೊಣಕಾಲು. ಹಾಲಿಗೆ ಬರುವ ಹುಡುಗ ತನ್ನ ನಾಯಿಯ ಕಿವಿಯನ್ನೂ ತೋರಿಸಿದ್ದ. ನಾನು ಮಂಗಳೂರಿನಲ್ಲಿ ಇನ್ನೂ ಎರಡನೆಯ ವರ್ಷ ಓದುತ್ತಿರುವವಳು, ಹಾಸಿಗೆ ಮಡಚುವುದರಲ್ಲಿ ಮಾತ್ರ ನಿಪುಣೆ ಎಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ.

ದೇವಕಿಯಕ್ಕ ಜಗಲಿಯಲ್ಲಿ ಕುಳಿತು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದರು.

"ಮಗಳೇ, ಇದರಲ್ಲಿ ಯಾವ ಮಾತ್ರೆ ಉಷ್ಣ, ಯಾವುದು ಶೀತ? ಅದರ ಮೇಲೆ ಬರೆದಿರುತ್ತದಾ?"

ಬೆಳಿಗ್ಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಂತೆ. ತೋಟಕ್ಕೆ ಇಳಿಯುವ ಮೆಟ್ಟಿಲಲ್ಲಿ ಎರಡು ಸಲ ಕುಳಿತುಬಿಟ್ಟಿದ್ದಾರೆ. ಕಾಲು ದಪ್ಪವಾಗಿ ಚಪ್ಪಲಿ ಹಾಕಲು ಆಗುವುದಿಲ್ಲ. ಮಾತ್ರೆಯ ಉಷ್ಣ ಎಂದು ಅವರ ತೀರ್ಮಾನ. ಅದಕ್ಕೆ ಎಳನೀರು, ರಾಗಿ ಅಂಬಲಿ ಎಲ್ಲ ಆಗಿದೆ.

ನಾನು ಅವರ ಪಾದದ ಗಂಟಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದೆ. ಕಣಕದ ಮುದ್ದೆಯಲ್ಲಿ ಬಿದ್ದ ಹಾಗೆ ಗುಳಿ ಬಿತ್ತು, ಬೇಗ ಮೇಲೆ ಬರಲೇ ಇಲ್ಲ.

ಡಬ್ಬಿಯಲ್ಲಿ ಎರಡು ಬಗೆಯ ಲಕೋಟೆಗಳಿದ್ದವು. ಒಂದು ನಮ್ಮ ಆರೋಗ್ಯ ಕೇಂದ್ರದ್ದು. ಇನ್ನೊಂದು ಆಗಸ್ಟಿನಲ್ಲಿ ಮಗ ಕರೆದುಕೊಂಡು ಹೋಗಿದ್ದ ಮಂಗಳೂರಿನ ಆಸ್ಪತ್ರೆಯ ಚೀಟಿಗೆ ಮೆಡಿಕಲ್ ಅಂಗಡಿಯಲ್ಲಿ ಕೊಂಡದ್ದು. ಮಾತ್ರೆಯ ಪಟ್ಟಿಗಳನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಅವರ ಲೆಕ್ಕ ಬಣ್ಣದ್ದು: ಬಿಳಿ ಉರುಟು ಬಿ.ಪಿ.ಯದ್ದು, ಬಿಳಿ ಉದ್ದದ್ದು ಸಕ್ಕರೆಯದ್ದು, ಹಳದಿ ಯಾವುದಕ್ಕೋ ಏನೋ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಸರಕಾರಕ್ಕೆ ಮಾತ್ರೆ ಕೊಡುವ ಕಂಪೆನಿ ಬದಲಾದಾಗಲೆಲ್ಲ ಬಣ್ಣವೂ ಆಕಾರವೂ ಬದಲಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಕೊಡುವವರು ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳಲಿಲ್ಲವಾ?"

"ಹೇಳಿದರಲ್ಲ! ಭಕ್ಷಣತ್ತಿನು ಶೇಷಂ ಎಂದರು. ಹಾಗೆಯೇ ತೆಗೆದುಕೊಳ್ಳುತ್ತಿದ್ದೇನೆ."

"ಹೇಗೆ?"

"ಶೇಷದ ಜೊತೆಗೆ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿ ಇಡುತ್ತೇನೆ. ಬೆಳಿಗ್ಗೆ ಆ ತಂಗಳಿನ ಜೊತೆ ಮಾತ್ರೆ. ಬಿಸಿ ಗಂಜಿ ಬಿಟ್ಟು ಮೂರು ತಿಂಗಳಾಯಿತು ಮಾರಾಯ್ತಿ."

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಒಳಗಿನಿಂದಲೇ ನಕ್ಕರು. ಮಲಯಾಳದಲ್ಲಿ ಶೇಷಂ ಎಂದರೆ ಆಮೇಲೆ, ಊಟದ ನಂತರ ಎಂದರ್ಥ ಎಂದೆ. ದೇವಕಿಯಕ್ಕ ನಗಲಿಲ್ಲ. ಸ್ವಲ್ಪ ಹೊತ್ತು ಅಂಗಳದ ಅಡಿಕೆಯನ್ನು ನೋಡುತ್ತ ಕುಳಿತರು.

"ನನಗೆ ಮೀನಿನವನ ಹತ್ತಿರ ಮಾತಾಡುವಷ್ಟು ಮಲಯಾಳ ಬರುತ್ತದೆ. ಎಷ್ಟು, ಹಳೆಯದಾ, ಕಡಿಮೆ ಮಾಡು. ಅಷ್ಟು ಸಾಕಿತ್ತು ಇಷ್ಟು ವರ್ಷ."

ಅವರು ಹುಟ್ಟಿದ್ದು 1956ರಲ್ಲಿ. ಅದೇ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಪೆರ್ಲದ ಈಚೆಗಿನ ಈ ಗುಡ್ಡದ ಮನೆಯಲ್ಲಿ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸಂಜೆ ಕನ್ನಡ ಪತ್ರಿಕೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ಪದ ತಪ್ಪಿದರೆ ಕೆಳಗಿನಿಂದ ಸರಿಪಡಿಸುವ ಹೆಂಗಸು. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ಮಲಯಾಳ, ಮಾತ್ರೆಯ ಬೆನ್ನಿನಲ್ಲಿ ಇಂಗ್ಲಿಷ್.

ಲಕೋಟೆಯ ಮೇಲೆ 1-0-1 ಎಂದಿತ್ತು. ಇದೇನೆಂದು ಕೇಳಿದೆ. "ನೂರ ಒಂದು. ಮುಯ್ಯಿಯ ಹಾಗೆ ಬರೆಯುತ್ತಾರೆ" ಎಂದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ವಿವರಿಸಿದೆ. ಇದು ಅವರಿಗೆ ಕೂಡಲೇ ಹಿಡಿಸಿತು. ಸೊನ್ನೆಗೂ ಒಂದು ಜಾಗ ಕೊಟ್ಟದ್ದು ಚಂದ ಎಂದರು.

ಉದ್ದದ ಮಾತ್ರೆಯ ಅರ್ಧ ತುಂಡುಗಳು ಒಂದು ಕುಂಕುಮದ ಕರಡಿಗೆಯಲ್ಲಿ ಬೇರೆಯೇ ಇದ್ದವು.

"ಇದನ್ನು ಯಾಕೆ ಮುರಿದಿರಿ?"

"ಅದರಲ್ಲಿ 500 ಎಂದು ಉಂಟು, ಬಿ.ಪಿ.ಯದ್ದರಲ್ಲಿ ಬರೀ 5. ನೂರು ಪಾಲು ಹೆಚ್ಚು ಖಾರದ್ದನ್ನು ಇಡೀ ನುಂಗಿದರೆ ಹೊಟ್ಟೆ ಏನಾಗಬೇಕು?"

ಇದಕ್ಕೆ ನಮ್ಮ ಪಠ್ಯದಲ್ಲಿ ಉತ್ತರವಿಲ್ಲ. ಅಡುಗೆಮನೆಯಲ್ಲಿತ್ತು. "ಸಾರಿಗೆ ಕಾಳುಮೆಣಸು ಎಷ್ಟು ಹಾಕುತ್ತೀರಿ? ಬೆಲ್ಲ ಎಷ್ಟು? ಬೆಲ್ಲ ಹೆಚ್ಚು ತೂಗುತ್ತದೆ ಎಂದು ಮೆಣಸಿಗಿಂತ ಖಾರವಾ?" ಎಂದೆ. ತಲೆಯಾಡಿಸಿದರು. ಸಕ್ಕರೆಯ ಆ ಮೆಟ್‌ಫಾರ್ಮಿನ್ ಪಟ್ಟಿಯಲ್ಲಿ ಎಸ್.ಆರ್. ಎಂದು ಬೇರೆ ಇತ್ತು: ಹೊಟ್ಟೆಯಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವಂತೆ ಕಟ್ಟಿದ ಮಾತ್ರೆ. ಮುರಿದರೆ ಆ ಕಟ್ಟು ಹೋಗುತ್ತದೆ, ಮದ್ದು ಒಮ್ಮೆಗೇ ಇಳಿಯುತ್ತದೆ.

ಆಮೇಲೆ ನಾನೊಂದು ಪೆದ್ದು ಕೆಲಸ ಮಾಡಿದೆ. ಸಮುದಾಯ ಆರೋಗ್ಯದ ತರಗತಿಯಲ್ಲಿ ಕಲಿಸಿದ ಹಾಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೂರ್ಯನನ್ನೂ ಚಂದ್ರನನ್ನೂ ಬರೆದು, ಪಕ್ಕದಲ್ಲಿ ಮಾತ್ರೆಗೆ ಚುಕ್ಕೆ ಇಡತೊಡಗಿದೆ. ದೇವಕಿಯಕ್ಕ ಎರಡು ಸೂರ್ಯರವರೆಗೆ ಸುಮ್ಮನೆ ನೋಡಿದರು.

"ನನಗೆ ಓದಲು ಬರುತ್ತದೆ" ಎಂದರು.

ಪೆನ್ನು ಕೈಯಿಂದ ತೆಗೆದುಕೊಂಡು, ಕ್ಯಾಲೆಂಡರನ್ನು ತೊಡೆಯ ಮೇಲೆ ಇಟ್ಟು, ಕಾಪಿ ಪುಸ್ತಕದ ಉರುಟು ಅಕ್ಷರದಲ್ಲಿ ತಾವೇ ಬರೆದರು: ಸಕ್ಕರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಉಂಡ ಮೇಲೆ, ಮುರಿಯಬಾರದು. 'ಉಂಡ ಮೇಲೆ' ಎಂಬುದಕ್ಕೆ ಎರಡು ಗೆರೆ ಎಳೆದರು. ನನ್ನ ಅಕ್ಷರಕ್ಕಿಂತ ನೂರು ಪಾಲು ಚಂದ.

"ಈಗ ಇದನ್ನು ಕಲಿಸು" ಎಂದು ಪಟ್ಟಿಯನ್ನು ತಿರುಗಿಸಿ ಹಿಡಿದರು. "ಬಣ್ಣ ನಂಬುವ ಹಾಗಿಲ್ಲ ಎಂದೆಯಲ್ಲ. ಮತ್ತೆ ಯಾವುದನ್ನು ನಂಬುವುದು?"

ಪ್ರತಿ ಪಟ್ಟಿಯಲ್ಲಿ ಎರಡು ಹೆಸರು ಇರಬಹುದು ಎಂದೆ. ಒಂದು ಕಂಪೆನಿ ಮುದ್ದಿಗೆ ಇಟ್ಟದ್ದು, ಇನ್ನೊಂದು ಮದ್ದಿನ ಸ್ವಂತ ಹೆಸರು. "ನಿಮ್ಮ ಮೊಮ್ಮಗನನ್ನು ಮನೆಯಲ್ಲಿ ಪುಟ್ಟ ಎನ್ನುತ್ತೀರಿ, ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಲ್ಲವಾ? ನಮಗೆ ರಿಜಿಸ್ಟರಿನ ಹೆಸರು ಬೇಕು." ಅದರ ಹತ್ತಿರ ಐ.ಪಿ. ಎಂಬ ಎರಡು ಅಕ್ಷರ ಇರುತ್ತದೆ, ಭಾರತದ ಔಷಧ ಸಂಹಿತೆಯ ಪ್ರಕಾರ ತಯಾರಾದದ್ದು ಎಂಬ ಗುರುತು, ಅದನ್ನು ಹಿಡಿದು ಹುಡುಕಿ ಎಂದೆ.

ಇಂಗ್ಲಿಷ್ ಅಕ್ಷರಗಳಿಗೆ ಅವರೇ ಹೆಸರಿಟ್ಟರು. ಬಿ.ಪಿ.ಯ ಆಮ್ಲೋಡಿಪಿನ್‌ನ ಮೊದಲ ಅಕ್ಷರ ಏಣಿ, ನಡುವೆ ಒಂದೇ ಮೆಟ್ಟಿಲಿನದು. ಎರಡನೆಯದು ತೋಡು ದಾಟುವ ಸಂಕ, ಕೆಳಗೆ ಎರಡು ಕಂಡಿ ಇರುವುದು. ಮೆಟ್‌ಫಾರ್ಮಿನ್‌ಗೆ ಮೊದಲಲ್ಲಿಯೇ ಎರಡು ಗುಡ್ಡ. ಹಳದಿ ಮಾತ್ರೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು, "ಇದೂ ಏಣಿಯೇ. ಆದರೆ ಪಕ್ಕದಲ್ಲಿ ಸಂಕ ಇಲ್ಲ, ಇಗರ್ಜಿಯ ಶಿಲುಬೆ ಉಂಟು" ಎಂದರು. ಅದು ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್. ನಾನು ಹೇಳುವ ಮೊದಲೇ ಬೇರೆ ಎಂದು ಕಂಡುಹಿಡಿದಿದ್ದರು. ರಾತ್ರಿ ಒಂದು ಎಂದು ಬರೆದುಕೊಂಡರು.

ಆಮೇಲೆ ಮಂಗಳೂರಿನ ಲಕೋಟೆಯನ್ನು ಬಿಚ್ಚಿದರು. ತಿಳಿ ಗುಲಾಬಿ ಬಣ್ಣದ ಚಿಕ್ಕ ಮಾತ್ರೆಗಳು. ದೊಡ್ಡದಾಗಿ ಕಂಪೆನಿಯ ಹೆಸರು. ಐ.ಪಿ.ಯನ್ನು ಹುಡುಕುತ್ತ ಪಟ್ಟಿಯನ್ನು ಬೆಳಕಿಗೆ ಓರೆ ಮಾಡಿದವರು ಹಾಗೆಯೇ ನಿಂತರು.

"ಮಗಳೇ. ಇಲ್ಲಿಯೂ ಏಣಿ, ಸಂಕ."

ನೋಡಿದೆ. ಆಮ್ಲೋಡಿಪಿನ್, 5 ಮಿಲಿಗ್ರಾಂ. ಆರೋಗ್ಯ ಕೇಂದ್ರದ ಬಿಳಿ ಉರುಟು ಕೂಡ ಅದೇ, 5.

"ಎರಡನ್ನೂ ನುಂಗುತ್ತಿದ್ದೀರಾ?"

"ಮತ್ತೆ? ಒಂದು ಸರಕಾರ ಧರ್ಮಕ್ಕೆ ಕೊಟ್ಟದ್ದು, ಇನ್ನೊಂದು ಮಗ ಹಣ ಕೊಟ್ಟು ತಂದದ್ದು. ಯಾವುದನ್ನು ಬಿಡುವುದು?"

ತಲೆ ತಿರುಗುವುದಕ್ಕೂ ಕಾಲಿನ ಊತಕ್ಕೂ ಇದೇ ಕಾರಣ ಇರಬಹುದು ಎಂದು ಹೊಳೆಯಿತು. ಆ ಔಷಧಕ್ಕೆ ಕಾಲು ಊದಿಸುವ ಗುಣವಿದೆ, ಪ್ರಮಾಣ ಹೆಚ್ಚಾದಷ್ಟೂ ಹೆಚ್ಚು. ಆದರೆ ಇರಬಹುದು ಎಂಬುದು ಎರಡನೆಯ ವರ್ಷದವಳ ಮಾತು. ಕಾಲು ಊದುವುದಕ್ಕೆ ಹೃದಯವೂ ಕಾರಣವಾಗಬಹುದು, ಮೂತ್ರಪಿಂಡವೂ ಆಗಬಹುದು. ಒಂದನ್ನು ಬಿಟ್ಟುಬಿಡಿ ಎಂದು ಬಾಯಿಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಅಮ್ಮನ ಹತ್ತಿರ ಆಶಾ ಕಾರ್ಯಕರ್ತೆಯ ನಂಬರ್ ಇತ್ತು, ಅವರ ಮೂಲಕ ಕೇಂದ್ರದ ನರ್ಸ್ ಫೋನಿಗೆ ಸಿಕ್ಕಿದರು. ಬಿ.ಪಿ. ಮಾತ್ರೆ ನಾಳೆ ಒಂದೇ ನುಂಗಲಿ, ಡಬ್ಬಿ ಸಮೇತ ಬೆಳಿಗ್ಗೆಯೇ ಬರಲಿ ಎಂದರು.

ಮರುದಿನ ಅಪ್ಪನ ಜೀಪಿನಲ್ಲಿ ಹೋದೆವು. ಡಾಕ್ಟರು ನನಗಿಂತ ಐದಾರು ವರ್ಷ ದೊಡ್ಡ ಹುಡುಗಿ, ಕಣ್ಣೂರಿನ ಕಡೆಯವರು, ಕನ್ನಡ ಬಾರದು. ನಾನು ಅರ್ಧ ಮಲಯಾಳ, ಅರ್ಧ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಅವರು ಬಿ.ಪಿ. ನೋಡಿದರು, ಕಾಲು ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ರಕ್ತಪರೀಕ್ಷೆಗೆ ಬರೆದರು. ಕೊನೆಗೆ ಎರಡು ಪಟ್ಟಿಗಳನ್ನು ಕೈಯಲ್ಲಿ ಹಿಡಿದು, ಗುಲಾಬಿಯದನ್ನು ಬದಿಗಿಟ್ಟು, ಬೆರಳು ಎತ್ತಿ, "ಒನ್ನ್ ಮಾತ್ರಂ" ಎಂದರು.

ನಾನು ಅನುವಾದಿಸಲು ಬಾಯಿ ತೆರೆದೆ. ದೇವಕಿಯಕ್ಕ ನನ್ನ ಕೈ ತಟ್ಟಿದರು. "ಅದು ನನಗೆ ಗೊತ್ತಾಯಿತು. ಒಂದು ಮಾತ್ರ."

ಹಿಂತಿರುಗುವಾಗ ಜೀಪಿನಲ್ಲಿ ಅವರಿಗೆ ಚಿಂತೆ ಇದ್ದದ್ದು ಕಾಲಿನದ್ದಲ್ಲ, ಕುಂಕುಮದ ಕರಡಿಗೆಯದ್ದು. ಅರ್ಧ ತುಂಡುಗಳು ಇಪ್ಪತ್ತಮೂರು ಇವೆ, ಎರಡೆರಡು ಸೇರಿಸಿ ನುಂಗಿದರೆ ಒಂದು ಆಗುವುದಿಲ್ಲವಾ? ಆಗುವುದಿಲ್ಲ ಎಂದೆ. ತೆಂಗಿನಕಾಯಿ ಒಡೆದರೆ ಎರಡು ಹೋಳು ಸೇರಿ ಒಂದೇ ತಾನೇ ಎಂದರು. ಬದಿಯಡ್ಕದವರೆಗೂ ವಾದ ನಡೆಯಿತು. ಅಪ್ಪ ಅವರ ಪಕ್ಷ.

ಪಟ್ಟಿ ಕತ್ತರಿಸುವಾಗ ಅವಧಿ ಮುಗಿಯುವ ತಿಂಗಳು ಮುದ್ರಿಸಿದ ತುದಿಯನ್ನು ಉಳಿಸಿಕೊಳ್ಳಬೇಕು, ಆ ತುದಿಯ ಮಾತ್ರೆಯನ್ನು ಕೊನೆಗೆ ತಿನ್ನಬೇಕು ಎಂದು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಒಂದು ಗುರುವಾರ, ವಾರ್ಡಿನ ಕೆಲಸ ಮುಗಿಸಿ ಹಾಸ್ಟೆಲಿಗೆ ನಡೆಯುತ್ತಿದ್ದಾಗ ಫೋನ್ ಬಂತು.

"ಕಾಲು ಇಳಿದಿದೆ. ಚಪ್ಪಲಿ ಸಡಿಲವಾಗುತ್ತಿದೆ. ಅದಿರಲಿ, ಈ ಸಲ ಬಿ.ಪಿ.ಯದ್ದು ಹಸಿರು ಕಾಗದದ್ದು ಕೊಟ್ಟಿದ್ದಾರೆ. ಏಣಿ ಉಂಟು, ಸಂಕ ಉಂಟು, 5 ಉಂಟು. ಇದು ಅದೇ ಅಲ್ಲವಾ?"

"ಅದೇ. ತಿಂಗಳು ನೋಡಿದಿರಾ?"

"ಅದೇ ಇಲ್ಲ ನೋಡು. ಆ ತುದಿಯನ್ನು ಇವನು ಕತ್ತರಿಸಿ ಇಟ್ಟುಕೊಂಡಿದ್ದಾನೆ. ನಾನು ಕಿಟಕಿಯ ಹತ್ತಿರವೇ ನಿಂತಿದ್ದೇನೆ. ಹಿಂದೆ ಸಾಲು ಉಂಟು, ಇರಲಿ. ಫೋನ್ ಇಡಬೇಡ."

ಆಮೇಲೆ ಆ ಕಡೆಯಿಂದ, ಹಳಸಿದ ಬಂಗುಡೆ ಕೊಟ್ಟವನನ್ನು ತಡೆದು ನಿಲ್ಲಿಸುವಾಗಿನ ಅದೇ ಸ್ವರ ಕೇಳಿಸಿತು.

"ಡೇಟ್ ಎವಿಡೆ, ಮೋನೇ?"