ರೋಲರ್ ಶಾಫ್ಟ್, ಅಡಿಕೆ ಸುಲಿಯುವ ಯಂತ್ರ: ಡ್ರಾಯಿಂಗ್ ಎಎಸ್-07-014, ರಿವಿಷನ್ ಸಿ

ಟೈಟಲ್ ಬ್ಲಾಕ್

| | |
|---|---|
| ಭಾಗದ ಹೆಸರು | ರೋಲರ್ ಶಾಫ್ಟ್ |
| ಡ್ರಾಯಿಂಗ್ ನಂಬರ್ | ಎಎಸ್-07-014 |
| ರಿವಿಷನ್ | ಸಿ |
| ಯಾವುದಕ್ಕೆ | ಅಡಿಕೆ ಸುಲಿಯುವ ಯಂತ್ರ, ಒಂದು ಯಂತ್ರಕ್ಕೆ 2 |
| ಮೆಟೀರಿಯಲ್ | ಇಎನ್ 8, ಗಡಸುತನ 201–255 ಬಿಎಚ್‌ಎನ್ |
| ಕಚ್ಚಾ ಸರಕು | Ø36 ರೌಂಡ್ ಬಾರ್, ಉದ್ದ 646 |
| ಮುಗಿದ ತೂಕ | ಸುಮಾರು 3.7 ಕೆಜಿ |
| ಅಳತೆಯ ಯೂನಿಟ್ | ಎಲ್ಲವೂ ಮಿ.ಮೀ. |
| ಬರೆಯದ ಟಾಲರೆನ್ಸ್ | ಐಎಸ್ 2102, ಮೀಡಿಯಂ |
| ಫಿನಿಶ್ | ಬೇರೆ ಹೇಳದಿದ್ದಲ್ಲಿ Ra 3.2 |
| ಪ್ರೊಜೆಕ್ಷನ್ | ಫಸ್ಟ್ ಆಂಗಲ್ |
| ಸ್ಕೇಲ್ / ಹಾಳೆ | 1:2, ಎ3, ಹಾಳೆ 1 / 1 |
| ಬರೆದವರು | ರ.ಹೆ., 10-02-2025 |
| ಪರಿಶೀಲಿಸಿದವರು | ಮ.ಶೆ., 12-02-2025 |
| ಒಪ್ಪಿಗೆ | ಶಾಪ್ ಇನ್‌ಚಾರ್ಜ್, 14-02-2025 |

ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳತೆ ತೆಗೆಯಬೇಡಿ. ಪ್ರಿಂಟ್ ಹಿಗ್ಗಿರುತ್ತದೆ, ಕುಗ್ಗಿರುತ್ತದೆ. ಅಳತೆ ಕಾಣದಿದ್ದರೆ ಡಿಸೈನ್ ಟೇಬಲ್‌ಗೆ ಬಂದು ಕೇಳಿ.

ಅಳತೆಗಳು (ಪುಲ್ಲಿ ತುದಿಯಿಂದ, ಎಡದಿಂದ ಬಲಕ್ಕೆ)

| ಜಾಗ | ವ್ಯಾಸ | ಮಿತಿ: ಮೇಲೆ / ಕೆಳಗೆ | ಉದ್ದ | ಫಿನಿಶ್ |
|---|---|---|---|---|
| ಪುಲ್ಲಿ ಕೂರುವ ಜಾಗ | Ø24 h7 | 24.000 / 23.979 | 58 | Ra 1.6 |
| ಎಡ ಬೇರಿಂಗ್ ಜಾಗ, ಡೇಟಮ್ ಅ | Ø25 k6 | 25.015 / 25.002 | 22 | Ra 0.8 |
| ರೋಲರ್ ಹಬ್ ಜಾಗ | Ø32 h7 | 32.000 / 31.975 | 538 ±0.5 | Ra 1.6 |
| ಬಲ ಬೇರಿಂಗ್ ಜಾಗ, ಡೇಟಮ್ ಆ | Ø25 k6 | 25.015 / 25.002 | 22 | Ra 0.8 |
| ಒಟ್ಟು ಉದ್ದ | | | (640) | |

ಕಂಸದಲ್ಲಿರುವ 640 ಸುಮ್ನೆ ಗೊತ್ತಿರಲಿ ಅಂತ ಹಾಕಿದ್ದು. ಇನ್‌ಸ್ಪೆಕ್ಷನ್‌ನಲ್ಲಿ ಅದನ್ನು ಹಿಡಿದು ಪೀಸ್ ರಿಜೆಕ್ಟ್ ಮಾಡುವಂತಿಲ್ಲ. ಬಿಡಿ ಉದ್ದಗಳು ಸರಿಯಿದ್ದರೆ ಸಾಕು.

ಮೀಡಿಯಂ ಕ್ಲಾಸ್ ಅಂದರೆ ಇಷ್ಟು: 6 ದಾಟಿ 30ರವರೆಗೆ ±0.2, 120ರವರೆಗೆ ±0.3, 400ರವರೆಗೆ ±0.5, 1000ರವರೆಗೆ ±0.8. ಹಾಗಾಗಿ 58ಕ್ಕೆ ±0.3, 22ಕ್ಕೆ ±0.2 ಸಿಗುತ್ತದೆ. ಅಲ್ಲಿ ಮೈಕ್ರೋಮೀಟರ್ ಹಿಡಿದು ಕೂರಬೇಡಿ, ವರ್ನಿಯರ್ ಸಾಕು. ಆ ಸಮಯವನ್ನು ಎರಡು Ø25 ಜಾಗಗಳಿಗೆ ಕೊಡಿ. ಈ ಶಾಫ್ಟ್‌ನ ಆಯುಸ್ಸು ಇರುವುದು ಅಲ್ಲೇ.

ನೋಟ್ಸ್

1. ಎಲ್ಲ ಅಳತೆ ಮಿ.ಮೀ.ನಲ್ಲಿ. ಇಂಚು, ಸೂತ್ ಲೆಕ್ಕ ಇಲ್ಲಿ ಬೇಡ.

2. ಬೇರಿಂಗ್ 6205: ಒಳಗೆ 25, ಹೊರಗೆ 52, ಅಗಲ 15. ತಿರುಗುವುದು ಶಾಫ್ಟ್, ಬೆಲ್ಟಿನ ಎಳೆತ ಮಾತ್ರ ಸದಾ ಒಂದೇ ಕಡೆಗೆ. ಒಳ ರಿಂಗ್ ಶಾಫ್ಟನ್ನು ಬಿಗಿಯಾಗಿ ಹಿಡಿಯದಿದ್ದರೆ ಮೆಲ್ಲಗೆ ಜಾರುತ್ತಾ ಜಾರುತ್ತಾ ಶಾಫ್ಟನ್ನೇ ಸವೆಸಿಬಿಡುತ್ತದೆ. ಅದಕ್ಕೇ k6. 25.000 ಬಂದ ಪೀಸನ್ನು "ಪರವಾಗಿಲ್ಲ, ಸಲೀಸಾಗಿ ಹೋಗುತ್ತದೆ" ಅಂತ ಪಾಸ್ ಮಾಡಬೇಡಿ. ಸಲೀಸಾಗಿ ಹೋಗುವುದೇ ಇಲ್ಲಿ ದೋಷ.

3. ಲೇತ್‌ನಲ್ಲಿ Ø24, Ø25, Ø32 ಮೂರರಲ್ಲೂ ವ್ಯಾಸಕ್ಕೆ 0.3 ಬಿಡಿ. ಉಳಿದದ್ದು ಸಿಲಿಂಡ್ರಿಕಲ್ ಗ್ರೈಂಡಿಂಗ್‌ನಲ್ಲಿ, ಸೆಂಟರ್‌ಗಳ ನಡುವೆ ಹಿಡಿದು.

4. ಗ್ರೈಂಡಿಂಗ್ ಮುಗಿದ ಕೂಡಲೇ ಅಳೆಯಬೇಡಿ. ಡ್ರಾಯಿಂಗ್‌ನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ. ಪೀಸ್ 45 ಡಿಗ್ರಿ ಇದ್ದರೆ Ø25 ಸುಮಾರು 0.007 ದಪ್ಪ ಕಾಣುತ್ತದೆ. ಇಲ್ಲಿರುವ ಒಟ್ಟು ಅವಕಾಶವೇ 0.013. ಅಂದರೆ ಅರ್ಧಕ್ಕಿಂತ ಜಾಸ್ತಿ ಬರೀ ಬಿಸಿಗೇ ಹೋಯಿತು. ಬಿಸಿಯಲ್ಲಿ 25.005 ತೋರಿಸಿದ ಪೀಸ್ ತಣ್ಣಗಾದ ಮೇಲೆ 24.998 ಆಗಿರುತ್ತದೆ. ಪೀಸ್, ಮೈಕ್ರೋಮೀಟರ್, ಸೆಟ್ಟಿಂಗ್ ರಾಡ್ ಮೂರನ್ನೂ ಒಂದೇ ಟೇಬಲ್ ಮೇಲೆ ಇಟ್ಟು, ಎಲ್ಲ ಒಂದೇ ತಣ್ಣಗೆ ಬಂದ ಮೇಲೆ ಅಳೆಯಿರಿ.

5. ಎರಡೂ Ø25 ಜಾಗಗಳ ಸಿಲಿಂಡ್ರಿಸಿಟಿ 0.005. ಪ್ರತಿ ಜಾಗದಲ್ಲೂ ಮೂರು ಕಡೆ, ಅಡ್ಡ ಉದ್ದ ತಿರುಗಿಸಿ ನೋಡಿ. ಟೇಪರ್ ಇದ್ದರೆ ಒಂದೇ ಕಡೆಯ ರೀಡಿಂಗ್‌ನಲ್ಲಿ ಗೊತ್ತಾಗುವುದಿಲ್ಲ.

6. ರನ್‌ಔಟ್, ಡೇಟಮ್ ಅ–ಆ ಮೇಲೆ ವಿ-ಬ್ಲಾಕ್‌ನಲ್ಲಿ ಕೂರಿಸಿ ಡಯಲ್ ಹಿಡಿದು: Ø24 ಮೇಲೆ 0.02, Ø32 ಮೇಲೆ 0.03, ಬೇರಿಂಗ್ ಒರಗುವ ಎರಡು ಸ್ಟೆಪ್ ಮುಖಗಳ ಮೇಲೆ 0.02.

7. ಸ್ಟೆಪ್ ಮೂಲೆಯ ರೇಡಿಯಸ್ R0.6, ಗರಿಷ್ಠ R0.8. ಗ್ರೈಂಡಿಂಗ್ ಚಕ್ರದ ಮೂಲೆ ಸವೆದರೆ ರೇಡಿಯಸ್ ತಾನಾಗಿ ಬೆಳೆಯುತ್ತದೆ. ರೇಡಿಯಸ್ ಗೇಜ್ ಇಟ್ಟು ನೋಡಿ, ಬೇಕಾದಾಗ ಡ್ರೆಸ್ಸಿಂಗ್ ಮಾಡಿ.

8. ಸರ್ಕ್ಲಿಪ್ ಗ್ರೂವ್ ಎಡ ಬೇರಿಂಗ್ ಜಾಗದಲ್ಲಿ ಮಾತ್ರ, ಡಿಐಎನ್ 471 ಪ್ರಕಾರ 25ರದ್ದು. ಗ್ರೂವ್ ವ್ಯಾಸ 23.9 (+0 / −0.21), ಅಗಲ 1.3 H13 (+0.14 / 0). ಸ್ಟೆಪ್ ಮುಖದಿಂದ ಗ್ರೂವ್‌ನ ಹೊರ ಗೋಡೆಗೆ 16.3 (+0.1 / 0). ಸರ್ಕ್ಲಿಪ್ ಒರಗುವುದು ಆ ಗೋಡೆಗೆ, ಅಳತೆಯೂ ಅಲ್ಲಿಗೇ. ಒಳ ಗೋಡೆಗೆ ಅಳೆದರೆ ಲೆಕ್ಕ ತಪ್ಪುತ್ತದೆ.

9. ಪುಲ್ಲಿ ಕೀವೇ: ಅಗಲ 8 P9 (7.985 / 7.949), ಉದ್ದ 40, ಶಾಫ್ಟ್ ತುದಿಯಿಂದ 8 ಬಿಟ್ಟು ಶುರು. ಆಳ 4, ಆದರೆ ಅಳೆಯುವುದು ಕೀವೇ ತಳದಿಂದ ಎದುರು ಮೈಗೆ: 20.0 (+0 / −0.2). ಕೀವೇ ಬಾಯಿಯ ಎರಡು ಅಂಚಿನಿಂದ ಆಳ ಅಳೆಯಬೇಡಿ, ಶಾಫ್ಟಿನ ಮೈ ಅಲ್ಲಿ ಬಾಗಿರುತ್ತದೆ ಅಲ್ವಾ, ಆಳ ಕಮ್ಮಿ ಕಾಣುತ್ತದೆ.

10. ಹಬ್ ಕೀವೇ 2: ಅಗಲ 10 P9 (9.985 / 9.949), ಉದ್ದ 50, ಎರಡೂ ಸ್ಟೆಪ್ ಮುಖಗಳಿಂದ 60 ಬಿಟ್ಟು ಒಳಕ್ಕೆ. ತಳದಿಂದ ಎದುರು ಮೈಗೆ 27.0 (+0 / −0.2). ಮಧ್ಯದಿಂದ ಸರಿತ 0.05ರ ಒಳಗೆ. ಎರಡೂ ಒಂದೇ ಗೆರೆಯಲ್ಲಿ ಬರಬೇಕು, ಆದ್ದರಿಂದ ಪೀಸ್ ಬಿಚ್ಚದೆ ಒಂದೇ ಸೆಟ್ಟಿಂಗ್‌ನಲ್ಲಿ ಹೊಡೆಯಿರಿ.

11. ಪುಲ್ಲಿ ತುದಿಯಲ್ಲಿ M8 ತೂತು: ಡ್ರಿಲ್ 6.8, ಆಳ 24, ಟ್ಯಾಪ್ 18. ಗ್ರೈಂಡಿಂಗ್‌ಗೆ ಇದೇ ತೂತಿನ ಬಾಯಲ್ಲಿ 60 ಡಿಗ್ರಿ ಸೆಂಟರ್ ಕೊಡಿ. ಇನ್ನೊಂದು ತುದಿಗೆ ಸೆಂಟರ್ ಡ್ರಿಲ್ ಎ 3.15, ಮುಗಿದ ಮೇಲೆ ಹಾಗೇ ಇರಲಿ.

12. ತುದಿಗಳಿಗೆ 1×45°. ಉಳಿದ ಚೂಪು ಅಂಚುಗಳಿಗೆ 0.3. ಕೀವೇ ಒಳಗೆ ಬರ್ ಉಳಿಯಬಾರದು.

13. ಜೋಡಣೆಯವರಿಗೆ: ಮೊದಲು ಎಡ ಬೇರಿಂಗ್, ಆಮೇಲೆ ಸರ್ಕ್ಲಿಪ್, ಕೊನೆಗೆ ಪುಲ್ಲಿ ಕೀ. ಕೀ ಮೊದಲೇ ಕೂರಿಸಿದರೆ ಬೇರಿಂಗ್ ಅದರ ಮೇಲೆ ಹಾಯುವುದಿಲ್ಲ. ಬೇರಿಂಗ್ ಒತ್ತುವಾಗ ಬಲ ಒಳ ರಿಂಗ್ ಮೇಲೆ ಮಾತ್ರ ಬೀಳಬೇಕು.

14. ತುಕ್ಕು ಎಣ್ಣೆ ಹಚ್ಚಿ. Ø25 ಜಾಗಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಿ. ಶಾಫ್ಟ್‌ಗಳನ್ನು ಒಂದರ ಮೇಲೊಂದು ಎಸೆಯಬೇಡಿ.

ರಿವಿಷನ್ ಟೇಬಲ್

| ರಿವಿಷನ್ | ತಾರೀಕು | ಏನು ಬದಲಾಯಿತು | ಯಾಕೆ | ಸಹಿ |
|---|---|---|---|---|
| 0 | 11-03-2024 | ಮೊದಲ ಬಿಡುಗಡೆ | – | ರ.ಹೆ. |
| ಎ | 02-07-2024 | ಬೇರಿಂಗ್ ಜಾಗ Ø25 h6 ಇದ್ದದ್ದು k6 | ಒಳ ರಿಂಗ್ ಜಾರಿ ಶಾಫ್ಟ್ ಮೇಲೆ ಕಂದು ಪುಡಿ, ಸವೆತ ಕಂಡಿತು | ರ.ಹೆ. |
| ಬಿ | 19-11-2024 | ಸ್ಟೆಪ್ ಮೂಲೆ R1.5 ಇದ್ದದ್ದು R0.6, ನೋಟ್ 7 ಸೇರಿತು | ಬೇರಿಂಗ್ ಮೂಲೆ R1ರದ್ದು. ರೇಡಿಯಸ್‌ಗೆ ತಾಗಿ ನಿಲ್ಲುತ್ತಿತ್ತು, ಸ್ಟೆಪ್ ಮುಖ ಮುಟ್ಟುತ್ತಿರಲಿಲ್ಲ | ಮ.ಶೆ. |
| ಸಿ | 14-02-2025 | ಬಲಗಡೆಯ ಸರ್ಕ್ಲಿಪ್ ಗ್ರೂವ್ ತೆಗೆದಿದೆ; 538 ±0.1 ಇದ್ದದ್ದು ±0.5, 640 ಕಂಸಕ್ಕೆ | ಎರಡೂ ಬೇರಿಂಗ್ ಲಾಕ್ ಆಗಿ ಶಾಫ್ಟ್ ಬಿಸಿಗೆ ಹಿಗ್ಗಲು ಜಾಗ ಇರಲಿಲ್ಲ. ಈಗ ಬಲ ಬೇರಿಂಗ್‌ನ ಹೊರ ರಿಂಗ್ ಹೌಸಿಂಗ್‌ನಲ್ಲಿ (Ø52 H7) ಸರಿದಾಡುತ್ತದೆ, ಹಾಗಾಗಿ 538ಕ್ಕೆ ಆ ಬಿಗಿ ಬೇಡ | ರ.ಹೆ. |

ಸ್ಟಾಕ್‌ನಲ್ಲಿರುವ ಬಿ ಪೀಸ್‌ಗಳನ್ನು ಬಳಸಬಹುದು. ಬಲಗಡೆ ಗ್ರೂವ್ ಇದ್ದರೂ ಅಲ್ಲಿ ಸರ್ಕ್ಲಿಪ್ ಹಾಕಬೇಡಿ. ಎ ಪೀಸ್ ಸಿಕ್ಕರೆ ಮೂಲೆಯನ್ನು R0.6ಕ್ಕೆ ತಿದ್ದಿಸಿ, Ø25 ಮಿತಿಯೊಳಗೆ ಉಳಿದಿದೆಯೇ ಅಳೆದು, ಆಮೇಲೆ ಬಿ ಪೀಸಿನ ಹಾಗೆ ಬಳಸಿ. 0 ಪೀಸ್ ಸ್ಕ್ರ್ಯಾಪ್‌ಗೆ. ಹಳೆಯ ಪ್ರಿಂಟ್‌ಗಳನ್ನು ಯಂತ್ರದ ಪಕ್ಕದಿಂದ ತೆಗೆದು ಸ್ಟೋರ್‌ಗೆ ವಾಪಸ್ ಕೊಡಿ, ಸಹಿ ಹಾಕಿಸಿಕೊಂಡು ಹೊಸದನ್ನು ಒಯ್ಯಿರಿ.